ನೀಲಿ ಪಟ್ಟಿಯಲ್ಲಿರುವ ಸಸಾರಜನಕ ಯಾವುದು?

ಸಸಾರಜನಕಗಳ ಮಿಶ್ರಣವನ್ನು ಪಾಲಿಅಕ್ರಿಲಮೈಡ್ ಜೆಲ್‌ನಲ್ಲಿಟ್ಟು ವಿದ್ಯುತ್ ಹಾಯಿಸಿದರೆ ಅವು ಗಾತ್ರಕ್ಕೆ ತಕ್ಕಂತೆ ಬೇರ್ಪಡುತ್ತವೆ. ಕೂಮಾಸಿ ಎಂಬ ನೀಲಿ ಬಣ್ಣ ಹಾಕಿದಾಗ ಒಂದೊಂದು ಗಾತ್ರದ ಸಸಾರಜನಕ ಒಂದೊಂದು ಪಟ್ಟಿಯಾಗಿ ಕಾಣುತ್ತದೆ. ಆದರೆ ಆ ಸಸಾರಜನಕ ಯಾವುದೆಂದು ಬಣ್ಣದಿಂದ ತಿಳಿಯದು. ಅದಕ್ಕಾಗಿ ಪಟ್ಟಿಯನ್ನು ಕತ್ತರಿಸಿ, ಜೆಲ್‌ನೊಳಗೇ ಸಸಾರಜನಕವನ್ನು ತುಂಡರಿಸಿ, ತುಂಡುಗಳ ರಾಶಿಯನ್ನು ರಾಶಿ ರೋಹಿತಮಾಪಕದಲ್ಲಿ ಅಳೆಯುತ್ತಾರೆ. 1996ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಿಂದ ಶೆವ್ಚೆಂಕೊ, ಮಾನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಇದಕ್ಕೆ ಹೆಸರುವಾಸಿಯಾಗಿದೆ.

ಹಸುವಿನ ರಕ್ತದ ಆಲ್ಬುಮಿನ್ನನ್ನು ಉದಾಹರಣೆಯಾಗಿ ನೋಡೋಣ. ಅದರಲ್ಲಿ ಗಂಧಕವುಳ್ಳ ಸಿಸ್ಟೀನ್ ಎಂಬ ಅಮೈನೋ ಆಮ್ಲ 35 ಕಡೆ ಇದೆ. ಇವುಗಳಲ್ಲಿ 34 ಜೋಡಿಜೋಡಿಯಾಗಿ ಸೇರಿ 17 ಗಂಧಕ ಸೇತುವೆಗಳಾಗಿರುತ್ತವೆ. ಸೇತುವೆ ಉಳಿದರೆ ಎರಡು ತುಂಡುಗಳು ಅಂಟಿಕೊಂಡೇ ಇದ್ದು, ನಿರೀಕ್ಷಿಸಿದ ರಾಶಿ ಕಾಣುವುದಿಲ್ಲ.

ಮೊದಲು ಪಟ್ಟಿಯನ್ನು ಸುಮಾರು 1 ಮಿಲಿಮೀಟರಿನ ಘನಗಳಾಗಿ ಕತ್ತರಿಸಿ, ಅಮೋನಿಯಂ ಬೈಕಾರ್ಬೊನೇಟ್ ದ್ರಾವಣ ಮತ್ತು ಅಸಿಟೋನೈಟ್ರೈಲ್ ಬೆರಸಿ ನೀಲಿ ಹೋಗುವವರೆಗೆ ತೊಳೆಯಬೇಕು. ಬರಿಯ ಅಸಿಟೋನೈಟ್ರೈಲ್ ಹಾಕಿದರೆ ನೀರು ಹೊರಬಂದು ಘನಗಳು ಬೆಳ್ಳಗಾಗಿ ಕುಗ್ಗುತ್ತವೆ. ಹೀಗೆ ಕುಗ್ಗಿದ ಜೆಲ್ ಮುಂದೆ ಹಾಕುವ ದ್ರಾವಣವನ್ನು ಒಣ ಅವಲಕ್ಕಿಯಂತೆ ಹೀರಿಕೊಳ್ಳುತ್ತದೆ.

ಮುಂದಿನದು ಅಪಕರ್ಷಣ. 10 ಮಿಲಿಮೋಲಾರ್ ಡೈಥಯೋಥ್ರೀಟಾಲ್ ದ್ರಾವಣದಲ್ಲಿ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಟ್ಟರೆ ಸೇತುವೆಗಳು ಬಿಚ್ಚಿಕೊಳ್ಳುತ್ತವೆ. ಇಷ್ಟಕ್ಕೇ ಬಿಟ್ಟರೆ ಗಾಳಿಯ ಆಮ್ಲಜನಕದಿಂದ ಅವು ಮತ್ತೆ ಕೂಡಬಹುದು. ಆದ್ದರಿಂದ ಆಲ್ಕೈಲೀಕರಣ ಬೇಕು. ದ್ರಾವಣ ತೆಗೆದು, 55 ಮಿಲಿಮೋಲಾರ್ ಅಯೊಡೊಅಸಿಟಮೈಡ್ ಹಾಕಿ 20 ನಿಮಿಷ ಕತ್ತಲೆಯಲ್ಲಿಡಬೇಕು. ಬೆಳಕಿನಲ್ಲಿ ಅದು ಕೆಡುತ್ತದೆ. ಅದು ಪ್ರತಿ ಸಿಸ್ಟೀನಿಗೂ 57 ಡಾಲ್ಟನ್ ತೂಕದ ಮುಚ್ಚಳ ಹಾಕುತ್ತದೆ.

ಬಳಿಕ ತೊಳೆದು, ಕುಗ್ಗಿಸಿ, ಟ್ರಿಪ್ಸಿನ್ ಕಿಣ್ವದ ದ್ರಾವಣವನ್ನು ಮಂಜುಗಡ್ಡೆಯ ಮೇಲಿಟ್ಟು ಹೀರಿಸುತ್ತಾರೆ. ತಂಪಿನಲ್ಲಿ ಅದರ ಕೆಲಸ ನಿಧಾನವಾಗುವುದರಿಂದ, ಜೆಲ್‌ನೊಳಗೆ ಹೋಗುವ ಮುನ್ನ ತನ್ನನ್ನೇ ಕತ್ತರಿಸಿಕೊಳ್ಳುವುದು ಕಡಿಮೆ. ಆಮೇಲೆ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟಾಗ ಟ್ರಿಪ್ಸಿನ್ ಲೈಸೀನ್ ಮತ್ತು ಆರ್ಜಿನೀನ್‌ಗಳ ಮುಂದೆ ಸರಪಳಿಯನ್ನು ಕತ್ತರಿಸುತ್ತದೆ. ಫಾರ್ಮಿಕ್ ಆಮ್ಲ ಬೆರೆತ ಅಸಿಟೋನೈಟ್ರೈಲಿನಿಂದ ತುಂಡುಗಳನ್ನು ಹೊರತೆಗೆಯುತ್ತಾರೆ.

ಕೆಲಸ ಸರಿಯಾಯಿತೆಂದು ತಿಳಿಯುವುದು ಹೇಗೆ? ಆಲ್ಬುಮಿನ್ನಿನ CCTESLVNR ಎಂಬ ತುಂಡಿನಲ್ಲಿ ಎರಡು ಸಿಸ್ಟೀನ್‌ಗಳಿವೆ (ಪ್ರತಿ ಅಕ್ಷರವೂ ಒಂದು ಅಮೈನೋ ಆಮ್ಲ, C ಎಂದರೆ ಸಿಸ್ಟೀನ್). ಒಂದು ಪ್ರೋಟಾನ್ ಸೇರಿದಾಗ ಮುಚ್ಚಳವಿಲ್ಲದ ಈ ತುಂಡು 1024.5ರಲ್ಲಿ ಕಾಣಬೇಕು. ಎರಡು ಮುಚ್ಚಳಗಳಿಂದ 114 ಕೂಡಿ 1138.5ರಲ್ಲಿ ಕಂಡರೆ ಆಲ್ಕೈಲೀಕರಣ ನಡೆದಿದೆ. 1081.5ರಲ್ಲಿ ಕಂಡರೆ ಒಂದಕ್ಕೆ ಮಾತ್ರ ಮುಚ್ಚಳ ಬಿದ್ದಿದೆ.

ಮತ್ತೊಂದು ಎಚ್ಚರಿಕೆಯೂ ಬೇಕು. ನಮ್ಮ ಚರ್ಮ, ಕೂದಲುಗಳಲ್ಲಿ ಕೆರಾಟಿನ್ ಎಂಬ ಸಸಾರಜನಕವಿದೆ. ಕೈಗವಸಿಲ್ಲದೆ ಮುಟ್ಟಿದರೆ, ಧೂಳು ಬಿದ್ದರೆ, ಅದರ ತುಂಡುಗಳೇ ಹೆಚ್ಚಾಗಿ ಕಂಡು ಮಂಕಾದ ಪಟ್ಟಿಯ ಉತ್ತರವನ್ನು ಮರೆಮಾಡುತ್ತವೆ. ಅದಕ್ಕಾಗಿಯೇ ಬಣ್ಣವಿಲ್ಲದ ಜೆಲ್‌ನ ಒಂದು ತುಂಡಿಗೂ ಇದೇ ಕ್ರಮ ನಡೆಸುತ್ತಾರೆ. ಅದರಲ್ಲೂ ಕಾಣುವ ತುಂಡುಗಳನ್ನು ಪಟ್ಟಿಯ ಲೆಕ್ಕದಿಂದ ಬಿಡುತ್ತಾರೆ.