ಮೊದಲು ಕಲಿಯಬೇಕಾದ ಗುಣಾಕಾರ

ಕೊಡಗಿನ ಕಾಫಿತೋಟಕ್ಕೆ ಮೊದಲು ಹೂಮಳೆ, ತರುವಾಯ ಕಾಯಿ ಕಟ್ಟಲು ಇನ್ನೊಂದು ಮಳೆ ಬೇಕು. ಒಂದು ತೋಟದಲ್ಲಿ ಇವು ಕ್ರಮವಾಗಿ 2 ಮತ್ತು 1 ಅಂಗುಲ ಬಿದ್ದುವೆನ್ನೋಣ. (2, 1) ಎಂಬುದು ಸದಿಶ. ಇಳುವರಿಯ ಅಂದಾಜಿಗೆ ಅವುಗಳ ತೂಕ (3, 2) ಎಂದು ಭಾವಿಸಿ, ಸ್ಥಾನಕ್ಕೆ ಸ್ಥಾನವನ್ನು ಗುಣಿಸಿ ಕೂಡಿದರೆ 2×3 + 1×2 = 8; ಇದೇ ಬಿಂದು ಗುಣಲಬ್ಧ. ಮತ್ತೊಂದು ತೋಟದ (1, 2)ಕ್ಕೆ 7 ಬರುತ್ತದೆ. ಎರಡೂ ಸಾಲುಗಳನ್ನು ಒಂದರ ಕೆಳಗೊಂದು ಬರೆದರೆ ಮಾತೃಕೆ. ಅದನ್ನು ತೂಕದ ಸದಿಶದಿಂದ ಗುಣಿಸಿದರೆ (8, 7) ಒಮ್ಮೆಗೇ ದೊರೆಯುವುದು. ಸಾಲಿನಲ್ಲಿ ಸಂಖ್ಯೆಯೊಂದು ಕಡಿಮೆಯಾದರೆ ಗುಣಾಕಾರವೇ ನಡೆಯದು. ಸ್ಥಾನ ಅದಲುಬದಲಾದರೆ ಮಾತ್ರ ತಪ್ಪು ಉತ್ತರ ಸದ್ದಿಲ್ಲದೆ ಬರುವುದು. ಹಿಂದಿನ ವರ್ಷಗಳ ಇಳುವರಿಗೆ ಹೊಂದುವಂತೆ ತೂಕಗಳನ್ನು ತಿದ್ದುತ್ತ ಹೋಗುವುದೇ ಇಲ್ಲಿ ಯಂತ್ರಕಲಿಕೆ. ಆದುದರಿಂದ ಸದಿಶ, ಬಿಂದು ಗುಣಲಬ್ಧ, ಮಾತೃಕೆ ಎಂಬುದೇ ಅಭ್ಯಾಸದ ಕ್ರಮ. ನಿರ್ಧಾರಕಗಳನ್ನು ಅನಂತರ ಕಲಿತರೆ ಸಾಕು.