ಅಂಗಡಿಯ ಖಾತೆ, ಮಾಲೀಕರ ಸಂಬಳ

ದಾವಣಗೆರೆಯಲ್ಲಿ ಸುಜಾತಾ ಎಂಬವರ ಒಂದು ಹೊಲಿಗೆ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಕತ್ತರಿಸುವುದು, ಹೊಲಿಯುವುದು, ಗಿರಾಕಿಗಳ ಜೊತೆ ಮಾತಾಡುವುದು ಎಲ್ಲ ಅವರೊಬ್ಬರೇ. ಹುಕ್ಕು ಹಚ್ಚುವ ಕೆಲಸವನ್ನು ಮಾತ್ರ ಹೊರಗಿನವರಿಗೆ ಪೀಸ್ ಲೆಕ್ಕದಲ್ಲಿ ಕೊಡುತ್ತಾರೆ. ಬ್ಲೌಸಿನ ದುಡ್ಡು ಅವರ ಮೊಬೈಲ್ ನಂಬರಿಗೆ ಬೀಳುತ್ತದೆ. ಅವರ ತಮ್ಮ ಕೈಗಡವಾಗಿ ಪಡೆದು ವಾಪಸ್ ಕಳಿಸುವ ಹಣ, ಚೀಟಿಯ ದುಡ್ಡು, ಮಗಳ ಸ್ಕಾಲರ್‌ಶಿಪ್ ಕೂಡ ಅದೇ ಖಾತೆಗೇ ಬರುತ್ತವೆ. ಈ ತಿಂಗಳು ಅಂಗಡಿಯಲ್ಲಿ ಎಷ್ಟು ಉಳಿಯಿತು ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ, ಪಾಸ್‌ಬುಕ್ಕಿಗೂ ಗೊತ್ತಿಲ್ಲ.

ಸುಜಾತಾ ಅವರಂಥವರದು ಏಕಮಾಲೀಕತ್ವದ ವ್ಯವಹಾರ. ಕಾನೂನಿನ ಕಣ್ಣಿಗೆ ಅಂಗಡಿ ಮತ್ತು ಮಾಲೀಕರು ಒಬ್ಬರೇ, ಪ್ಯಾನ್ ಕಾರ್ಡೂ ಒಂದೇ. ಹಾಗಾಗಿ ಬೇರೆ ಖಾತೆ ಯಾಕೆ ಬೇಕು ಎಂದು ಹಲವರು ಸುಮ್ಮನಿರುತ್ತಾರೆ. ಬೇಕು ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಪ್ರಸಂಗ ನಡೆದಿದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಮೊತ್ತ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬಂದ ಹಣವೆಲ್ಲ ವ್ಯಾಪಾರದ್ದಲ್ಲ, ಸಾಲ ಪಡೆದದ್ದು, ಮನೆಯವರು ಹಾಕಿದ್ದು ಅದರಲ್ಲಿ ಸೇರಿದೆ ಎಂದು ಹಲವು ವ್ಯಾಪಾರಿಗಳು ಹೇಳಿದರು. ಆ ಮಾತು ನಿಜವೇ ಇರಬಹುದು, ಆದರೆ ಒಂದೇ ಖಾತೆಯಲ್ಲಿ ವರ್ಷಗಟ್ಟಲೆ ಬೆರೆತದ್ದನ್ನು ಸಾಲು ಸಾಲಾಗಿ ಬಿಡಿಸಿ ತೋರಿಸುವವರು ಯಾರು?

ಬೇಕಾದದ್ದು ಕರೆಂಟ್ ಅಕೌಂಟ್, ಅಂದರೆ ಚಾಲ್ತಿ ಖಾತೆ. ಉಳಿತಾಯ ಖಾತೆ ಇರುವುದು ಮನೆಯ ಹಣಕ್ಕೆ. ಅದರಲ್ಲಿ ವ್ಯಾಪಾರ ನಡೆಸಿದರೆ ಬ್ಯಾಂಕ್ ಆಕ್ಷೇಪ ಎತ್ತಬಹುದು. ಚಾಲ್ತಿ ಖಾತೆಗೆ ಬಡ್ಡಿ ಬರುವುದಿಲ್ಲ. ಖಾತೆ ಅಂಗಡಿಯ ಹೆಸರಿನಲ್ಲಿ ತೆರೆಯಬೇಕೆಂದರೆ ಆಧಾರ್, ಪ್ಯಾನ್ ಜೊತೆಗೆ ಅಂಗಡಿಯ ಹೆಸರಿರುವ ಎರಡು ದಾಖಲೆ ಕೇಳುತ್ತಾರೆ. ಉದ್ಯಮ್ ನೋಂದಣಿ ಪತ್ರ, ಕಾರ್ಮಿಕ ಇಲಾಖೆ ಕೊಡುವ ಅಂಗಡಿ ನೋಂದಣಿ ಪತ್ರ, ಜಿಎಸ್‌ಟಿ ಇದ್ದರೆ ಅದರ ಪ್ರಮಾಣಪತ್ರ, ಅಂಗಡಿ ಹೆಸರಿನ ಕರೆಂಟ್ ಬಿಲ್ಲು ಇವುಗಳಲ್ಲಿ ಯಾವುದಾದರೂ ಎರಡು ನಡೆಯುತ್ತದೆ. ಎರಡು ಹೊಂದಿಸಲು ಸಾಧ್ಯವೇ ಇಲ್ಲವೆಂದು ಬ್ಯಾಂಕಿಗೆ ಮನವರಿಕೆಯಾದರೆ, ಒಂದೇ ದಾಖಲೆ ಪಡೆದು ಅಂಗಡಿಗೆ ಬಂದು ಪರಿಶೀಲಿಸಿ ಖಾತೆ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಅವಕಾಶವಿದೆ. ಇದನ್ನು ಕೌಂಟರಿನಲ್ಲಿ ನೀವೇ ನೆನಪಿಸಬೇಕಾಗಿ ಬರಬಹುದು.

ಉದ್ಯಮ್ ನೋಂದಣಿಯನ್ನು udyamregistration.gov.in ತಾಣದಲ್ಲಿ ಮಾಡಬೇಕು. ಸರ್ಕಾರಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಕಿಲ್ಲ. ಅದೇ ರೀತಿ ಕಾಣುವ ಖಾಸಗಿ ತಾಣಗಳು ಶುಲ್ಕ ಕೇಳುತ್ತವೆ, ವಿಳಾಸ ನೋಡಿಕೊಳ್ಳಿ. ಅಂಗಡಿಯ ಹೆಸರನ್ನು ಎಲ್ಲ ಕಡೆ ಒಂದೇ ಕಾಗುಣಿತದಲ್ಲಿ ಬರೆಸಿ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಅರ್ಜಿ ವಾಪಸ್ ಬರಬಹುದು. ಸಹಿ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಕನಿಷ್ಠ ಎಷ್ಟು ಹಣ ಇಟ್ಟಿರಬೇಕು, ಕಡಿಮೆಯಾದರೆ ದಂಡವೆಷ್ಟು, ತಿಂಗಳಿಗೆ ಎಷ್ಟರ ತನಕ ನಗದು ಕಟ್ಟಲು ಶುಲ್ಕವಿಲ್ಲ. ಇವು ಬ್ಯಾಂಕಿನಿಂದ ಬ್ಯಾಂಕಿಗೆ ಬಹಳ ಬೇರೆಯಾಗುತ್ತವೆ. ಸಣ್ಣ ಅಂಗಡಿಗೆ ದೊಡ್ಡ ಮೊತ್ತದ ಖಾತೆಯನ್ನು ಕಟ್ಟಲು ನೋಡುವ ಸಿಬ್ಬಂದಿಯೂ ಇರುತ್ತಾರೆ.

ಖಾತೆ ತೆರೆದ ಮೇಲೆ ಹೆಚ್ಚಿನವರು ಎಡವುವುದು ಕ್ಯೂಆರ್ ಕೋಡಿನಲ್ಲಿ. ಹೊಸ ಖಾತೆಗೆ ಜೋಡಿಸಿದ ಸ್ಟಿಕ್ಕರನ್ನು ಅಂಟಿಸುತ್ತೀರಿ, ಆದರೆ ಹಳೆಯ ಗಿರಾಕಿಗಳ ಫೋನಿನಲ್ಲಿ ನಿಮ್ಮ ಸ್ವಂತ ನಂಬರು ಉಳಿದಿರುತ್ತದೆ. ಅವರು ಮನೆಯಿಂದಲೇ "ಅಕ್ಕಾ, ಹಾಕಿದೀನಿ ನೋಡಿ" ಎನ್ನುತ್ತಾರೆ, ದುಡ್ಡು ಉಳಿತಾಯ ಖಾತೆಗೇ ಹೋಗಿರುತ್ತದೆ. ವಾರಕ್ಕೊಮ್ಮೆ ಕೂತು ಹಾಗೆ ಬಂದದ್ದನ್ನೆಲ್ಲ ಪೂರ್ತಿಯಾಗಿ ಚಾಲ್ತಿ ಖಾತೆಗೆ ದಾಟಿಸಿ, ಯಾರ ಬಿಲ್ಲು ಎಂದು ಪುಸ್ತಕದಲ್ಲಿ ಬರೆಯಿರಿ. "ಹೇಗಿದ್ದರೂ ನನ್ನ ಸಂಬಳಕ್ಕೆ ಆಯಿತು" ಎಂದು ಅಲ್ಲೇ ಬಿಟ್ಟರೆ ಎರಡು ಖಾತೆ ಇದ್ದೂ ಲೆಕ್ಕ ಮೊದಲಿನಂತೆಯೇ ಕಲಸಿಹೋಗುತ್ತದೆ. ನಗದಿಗೂ ಇದೇ ಕ್ರಮ: ಮೊದಲು ಅಂಗಡಿಯ ಖಾತೆ ಅಥವಾ ಅಂಗಡಿಯ ಗಲ್ಲಾ, ಮನೆಗೆ ಆಮೇಲೆ.

ಇನ್ನು ಸಂಬಳ. ಬಾಡಿಗೆ, ನೂಲು, ಲೈನಿಂಗ್ ಬಟ್ಟೆ, ಪೀಸ್ ಕೂಲಿ, ಕರೆಂಟ್ ಬಿಲ್ಲು ಎಲ್ಲ ಕಳೆದು ಸುಜಾತಾ ಅವರಿಗೆ ಉಳಿದದ್ದು ಹೀಗಿದೆ ಎನ್ನೋಣ. ಮದುವೆಗಳಿರುವ ಜ್ಯೇಷ್ಠದಲ್ಲಿ 34 ಸಾವಿರ, ಆಷಾಢದಲ್ಲಿ 12, ಶ್ರಾವಣದಲ್ಲಿ 38, ಪಿತೃಪಕ್ಷ ಬರುವ ಭಾದ್ರಪದದಲ್ಲಿ 20, ದಸರೆಯ ತಿಂಗಳು 45, ಕಾರ್ತಿಕದಲ್ಲಿ 31. ಆರು ತಿಂಗಳಿಗೆ 1 ಲಕ್ಷ 80 ಸಾವಿರ, ಸರಾಸರಿ 30 ಸಾವಿರ. ಹಾಗಾದರೆ ಸಂಬಳವೂ 30 ಸಾವಿರ ಎಂದುಕೊಂಡರೆ ಎರಡನೇ ತಿಂಗಳಲ್ಲೇ ಸಿಕ್ಕಿಬೀಳುತ್ತಾರೆ: ಜ್ಯೇಷ್ಠದಲ್ಲಿ ಉಳಿದ 4 ಸಾವಿರಕ್ಕೆ ಆಷಾಢದ 12 ಸೇರಿದರೆ 16, ಆದರೆ ತೆಗೆಯಬೇಕಾದದ್ದು 30.

22 ಸಾವಿರ ಇಟ್ಟುಕೊಂಡು ನೋಡಿ. ಜ್ಯೇಷ್ಠದ ಕೊನೆಗೆ ಖಾತೆಯಲ್ಲಿ 12 ಸಾವಿರ, ಆಷಾಢದ ಕೊನೆಗೆ ಬರೀ 2, ಆದರೂ ಸಂಬಳ ತಪ್ಪಲಿಲ್ಲ. ಆಮೇಲೆ 18, 16, 39, ಕಾರ್ತಿಕದ ಕೊನೆಗೆ 48. ಆ 48 ಸಾವಿರದಲ್ಲಿ ಮುಂದಿನ ಬಡ ತಿಂಗಳು, ಹೊಸ ಮೆಷಿನ್, ತೆರಿಗೆ ಎಲ್ಲವೂ ಇವೆ. ಒಂದು ವೇಳೆ ಆಷಾಢದಲ್ಲೇ ಶುರುಮಾಡಿದ್ದರೆ ಮೊದಲ ತಿಂಗಳೇ 10 ಸಾವಿರ ಕೊರತೆಯಾಗುತ್ತಿತ್ತು. ಆದ್ದರಿಂದ ಒಳ್ಳೆಯ ತಿಂಗಳಲ್ಲಿ ಶುರುಮಾಡಿ, ಇಲ್ಲವೇ ಒಂದು ತಿಂಗಳ ಸಂಬಳದಷ್ಟು ಹಣ ಖಾತೆಯಲ್ಲಿ ಕೂಡುವ ತನಕ ಕಾಯಿರಿ.

ಮೊತ್ತ ಗೊತ್ತಾದ ಮೇಲೆ, ಪ್ರತಿ ತಿಂಗಳು 5ನೇ ತಾರೀಕು ಚಾಲ್ತಿ ಖಾತೆಯಿಂದ ಉಳಿತಾಯ ಖಾತೆಗೆ ತಾನೇ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಡಿ. ಮನೆಯ ದಿನಸಿ, ಫೀಸು, ಹಬ್ಬ ಎಲ್ಲ ಅದರಿಂದಲೇ ನಡೆಯಬೇಕು. ಮೂರನೇ ವಾರಕ್ಕೆ ಅಂಗಡಿ ಖಾತೆಗೆ ಮತ್ತೆ ಕೈಹಾಕಿದರೆ, ಒಂದೋ ಸಂಬಳ ಕಡಿಮೆ ಇಟ್ಟಿದ್ದೀರಿ, ಇಲ್ಲವೇ ಮನೆಯ ಖರ್ಚು ಅಂಗಡಿ ತಾಳುವುದಕ್ಕಿಂತ ಹೆಚ್ಚಿದೆ. ಯಾವುದು ಎಂದು ಸ್ಟೇಟ್‌ಮೆಂಟೇ ಹೇಳುತ್ತದೆ: ಸಂಬಳ ಹೋದ ಮೇಲೂ ಅಂಗಡಿಯಲ್ಲಿ ಹಣ ಬೆಳೆಯುತ್ತಿದ್ದರೆ ಮೊದಲನೆಯದು. ಮನೆಯಿಂದ ಅಂಗಡಿಗೆ ಹಣ ಹಾಕಿದಾಗ "ಮಾಲೀಕರ ಬಂಡವಾಳ" ಎಂದು ಬರೆದಿಡಿ. ಬರೆಯದಿದ್ದರೆ ಮುಂದೆ ಅದೂ ವ್ಯಾಪಾರದ ಆದಾಯದಂತೆಯೇ ಕಾಣುತ್ತದೆ.

ಒಂದು ಎಚ್ಚರಿಕೆ. ನಾವು ಸಂಬಳ ಎಂದರೂ ತೆರಿಗೆಯ ಲೆಕ್ಕದಲ್ಲಿ ಇದು ಸಂಬಳವಲ್ಲ, ಡ್ರಾಯಿಂಗ್ಸ್. ಇದನ್ನು ಅಂಗಡಿಯ ಖರ್ಚು ಎಂದು ತೋರಿಸುವಂತಿಲ್ಲ. ಸುಜಾತಾ ಅವರ ಆರು ತಿಂಗಳ ಆದಾಯ 1 ಲಕ್ಷ 80 ಸಾವಿರವೇ, ತೆಗೆದುಕೊಂಡ 1 ಲಕ್ಷ 32 ಸಾವಿರ ಅದರೊಳಗೇ ಇದೆ. ನೌಕರರಿಗೆ ಸಿಗುವ ಸ್ಟಾಂಡರ್ಡ್ ಡಿಡಕ್ಷನ್ ಇದಕ್ಕಿಲ್ಲ. ನೀವೇ ಬರೆದುಕೊಂಡ ಸಂಬಳದ ಚೀಟಿಯನ್ನು ಸಾಲ ಕೊಡುವ ಬ್ಯಾಂಕ್ ಒಪ್ಪುವುದಿಲ್ಲ, ಆದಾಯ ತೆರಿಗೆ ರಿಟರ್ನ್ಸ್ ಕೇಳುತ್ತದೆ. ಏಕವ್ಯಕ್ತಿ ಕಂಪನಿ ಎಂದು ನೋಂದಾಯಿಸಿಕೊಂಡವರ ವಿಷಯ ಬೇರೆ. ಅಲ್ಲಿ ಕಂಪನಿಯೇ ಬೇರೆ ವ್ಯಕ್ತಿ, ನಿರ್ದೇಶಕರ ಸಂಬಳ ಅದಕ್ಕೆ ಖರ್ಚು.

ದಸರೆಯಲ್ಲಿ ಖಾತೆ ತುಂಬಿತೆಂದು ಸಂಬಳ ಏರಿಸಬೇಡಿ. ಒಂದು ಆಷಾಢ ದಾಟಿ, ವರ್ಷದ ತೆರಿಗೆ ಕಟ್ಟಿ, ಆಮೇಲೂ ಮೂರು ತಿಂಗಳ ಸಂಬಳ ಮತ್ತು ಬಾಡಿಗೆಯಷ್ಟು ಖಾತೆಯಲ್ಲಿ ಉಳಿದಿದ್ದರೆ ಒಂದೆರಡು ಸಾವಿರ ಏರಿಸಿಕೊಳ್ಳಿ.