ಮೇಳಕ್ಕೆ ಹೋಗಿ ಬಂದ ಲೆಕ್ಕ: ಸೊನ್ನೆ ಬಂತು, ಆದರೂ ಒಬ್ಬನಿಗೆ 450 ರೂಪಾಯಿ ಹೆಚ್ಚು ಬಿತ್ತು

ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ನಡೆಯುವ ತೋಟಗಾರಿಕೆ ಮೇಳಕ್ಕೆ ನಮ್ಮ ಕಡೆಯಿಂದ ಹುಡುಗರು ಗುಂಪು ಕಟ್ಟಿಕೊಂಡು ಹೋಗ್ತಾರೆ. ಒಂದು ಗಾಡಿ, ನಾಲ್ಕೈದು ಜನ, ಎರಡು ದಿನ. ದಾರಿಯಲ್ಲಿ ಯಾರ ಕೈಗೆ ಫೋನ್ ಬಂತೋ ಅವರು ಸ್ಕ್ಯಾನ್ ಮಾಡಿ ರೊಕ್ಕ ಕೊಡ್ತಾರೆ. ಊರಿಗೆ ಬಂದ ಮೇಲೆ ಒಬ್ಬ ಗೂಗಲ್ ಶೀಟ್ಸ್‌ನಲ್ಲಿ ಲೆಕ್ಕ ಬರೆದು ಗ್ರೂಪಿಗೆ ಹಾಕ್ತಾನೆ. ಒಂದು ಸಲ ಆ ಶೀಟ್ ಬರೆದವನು ನಾನೇ, ತಪ್ಪು ಮಾಡಿದವನೂ ನಾನೇ. ಆ ಲೆಕ್ಕವನ್ನೇ ಬಿಡಿಸಿ ತೋರಿಸ್ತೀನಿ.

ನಾವು ನಾಲ್ಕು ಜನ. ನಾನು ಕೊಪ್ಪಳದಿಂದ. ಭತ್ತ ಬೆಳೆಯುವ ಗೆಳೆಯ ಗಂಗಾವತಿಯವನು, ದಾಳಿಂಬೆಯವನು ಕುಷ್ಟಗಿಯವನು, ಇನ್ನೊಬ್ಬ ಯಲಬುರ್ಗಾದವನು. ಶೀಟಿನಲ್ಲೂ ಹೆಸರಿನ ಬದಲು ಊರೇ ಬರೆದಿದ್ದೆವು. ಖರ್ಚು ಐದು ಸಾಲು:

| ಖರ್ಚು | ಕೊಟ್ಟವರು | ಮೊತ್ತ | ಯಾರಿಗಾಗಿ |
|---|---|---|---|
| ಗಾಡಿ ಬಾಡಿಗೆ | ಗಂಗಾವತಿ | 4,800 | ನಾಲ್ವರಿಗೂ |
| ಡೀಸೆಲ್ | ಕೊಪ್ಪಳ | 3,000 | ನಾಲ್ವರಿಗೂ |
| ಊಟ, ಚಹಾ | ಕುಷ್ಟಗಿ | 1,240 | ನಾಲ್ವರಿಗೂ |
| ಲಾಡ್ಜ್ | ಯಲಬುರ್ಗಾ | 1,800 | ಕುಷ್ಟಗಿ ಬಿಟ್ಟು ಮೂವರಿಗೆ |
| ಟ್ರೈಕೋಡರ್ಮಾ 8 ಕೆಜಿ | ಕೊಪ್ಪಳ | 960 | ಕುಷ್ಟಗಿಗೆ 5 ಕೆಜಿ, ಕೊಪ್ಪಳಕ್ಕೆ 3 ಕೆಜಿ |

ಒಟ್ಟು 11,800. ಕುಷ್ಟಗಿಯವನ ಅಕ್ಕನ ಮನೆ ಬಾಗಲಕೋಟೆಯಲ್ಲೇ ಇದ್ದುದರಿಂದ ಅವನು ರಾತ್ರಿ ಅಲ್ಲೇ ಉಳಿದ. ಲಾಡ್ಜಿನಲ್ಲಿ ಮಲಗಿದವರು ನಾವು ಮೂವರು.

ಲೆಕ್ಕದ ತಿರುಳು ಇಷ್ಟೇ. ಒಬ್ಬೊಬ್ಬನೂ ಕೊಟ್ಟದ್ದರಲ್ಲಿ ಅವನ ಪಾಲನ್ನು ಕಳೆಯಬೇಕು. ಉಳಿದದ್ದು ಹೆಚ್ಚಿದ್ದರೆ ಅವನಿಗೆ ಬರಬೇಕು, ಕಡಿಮೆ ಇದ್ದರೆ ಅವನು ಕೊಡಬೇಕು. ಎಲ್ಲರದ್ದೂ ಕೂಡಿಸಿದರೆ ಸೊನ್ನೆ ಬರಲೇಬೇಕು. ಯಾಕಂದ್ರೆ ಒಬ್ಬನಿಗೆ ಬರಬೇಕಾದ ರೂಪಾಯಿ ಅಂದರೆ ಇನ್ನೊಬ್ಬ ಕೊಡಬೇಕಾದ ರೂಪಾಯಿಯೇ, ಹೊರಗಿನಿಂದ ರೊಕ್ಕ ಬರೋದಿಲ್ಲ.

ಶೀಟಿನಲ್ಲಿ A ಕಾಲಂನಲ್ಲಿ ಖರ್ಚು, B ಯಲ್ಲಿ ಕೊಟ್ಟವರು, C ಯಲ್ಲಿ ಮೊತ್ತ. D ಯಿಂದ G ವರೆಗೆ ನಾಲ್ವರ ಪಾಲು, ಮೊದಲ ಸಾಲಿನಲ್ಲಿ ಅವರ ಹೆಸರು. ಖರ್ಚು ಬರೆಯಲು 2ನೇ ಸಾಲಿನಿಂದ 30ನೇ ಸಾಲಿನವರೆಗೆ ಜಾಗ ಬಿಡಿ. ಕೆಳಗೆ D ಕಾಲಂನಲ್ಲಿ ಈ ಮೂರು ಸೂತ್ರ ಹಾಕಿ G ವರೆಗೆ ಎಳೆಯಿರಿ:

```
D31: =SUMIF($B$2:$B$30,D$1,$C$2:$C$30)
D32: =SUM(D2:D30)
D33: =D31-D32
```

31ನೇ ಸಾಲು ಕೊಟ್ಟದ್ದು, 32 ಪಾಲು, 33 ಬಾಕಿ. ಇನ್ನೆರಡು ಸೂತ್ರ ಪರೀಕ್ಷೆಗೆ. ಮೊದಲನೆಯದು ಪ್ರತಿ ಖರ್ಚಿನ ಸಾಲಿಗೂ ಬೇಕು, ಹಾಗಾಗಿ ಕೆಳಗೆ ಎಳೆಯಿರಿ:

```
H2:  =C2-SUM(D2:G2)
H33: =ROUND(SUM(D33:G33),2)
```

ನನ್ನ ಹಳೆಯ ಶೀಟಿನಲ್ಲಿ H ಕಾಲಂ ಇರಲಿಲ್ಲ, ಕೊನೆಯ ಮೊತ್ತ ಮಾತ್ರ ಇತ್ತು. ಅಲ್ಲೇ ಎಡವಿದ್ದು.

ಗಾಡಿ, ಡೀಸೆಲ್, ಊಟಕ್ಕೆ `=$C2/4` ಅಂತ ಬರೆದು ಕೆಳಗೆ ಎಳೆದಿದ್ದೆ. ಲಾಡ್ಜ್ ಸಾಲಿಗೆ ಬಂದಾಗ ಕುಷ್ಟಗಿಯವನು ಮಲಗಿಲ್ಲ ಅನ್ನೋದು ನೆನಪಿತ್ತು, ಅವನ ಕೋಶ ಅಳಿಸಿದೆ. ಆದರೆ ಉಳಿದ ಮೂರರಲ್ಲಿ ಭಾಗಾಕಾರ 4 ಹಾಗೇ ಉಳಿಯಿತು. ಮೂವರಿಗೆ ತಲಾ 450, ಅಂದರೆ 1,350 ಮಾತ್ರ ಹಂಚಿಕೆಯಾಗಿ 450 ರೂಪಾಯಿ ಯಾರ ತಲೆಗೂ ಬೀಳಲಿಲ್ಲ. ಕೊನೆಯಲ್ಲಿ ಸೊನ್ನೆಯ ಬದಲು +450 ಬಂತು.

ಕೂಡಿಸಿದ್ದು ಸೊನ್ನೆಗಿಂತ ಹೆಚ್ಚು ಬಂದರೆ ಯಾವುದೋ ಖರ್ಚು ಪೂರ್ತಿ ಹಂಚಿಕೆಯಾಗಿಲ್ಲ ಅಂತ ಅರ್ಥ. ಕಡಿಮೆ ಬಂದರೆ ಖರ್ಚಿಗಿಂತ ಹೆಚ್ಚು ಹಂಚಿದ್ದೀರಿ, ಇಲ್ಲಾ ಕೊಟ್ಟವನ ರೊಕ್ಕ ಎಣಿಕೆಗೆ ಬಂದಿಲ್ಲ. ವ್ಯತ್ಯಾಸ ಬಂದ ಅಂಕಿಯೇ ಜಾಗ ತೋರಿಸುತ್ತೆ. 450 ಯಾವುದರ ಪಾಲು ಅಂತ ನೋಡಿದರೆ 1,800ರ ನಾಲ್ಕನೇ ಒಂದು ಭಾಗ, ಅಂದರೆ ಲಾಡ್ಜ್ ಸಾಲು.

ಸಾಲು ಸರಿಯಾಗೇ ಹಿಡಿದೆ. ಆದರೆ ರಾತ್ರಿ ಹನ್ನೊಂದಾಗಿತ್ತು. ಖಾಲಿ ಕೋಶ ಕಂಡಿತು, ಅದರಲ್ಲಿ 450 ತುಂಬಿದೆ. ಸೊನ್ನೆ ಬಂತು! "ಲೆಕ್ಕ ಕೂಡ್ತು ನೋಡ್ರಪಾ" ಅಂತ ಗ್ರೂಪಿಗೆ ಹಾಕಿ ಮಲಗಿದೆ. ಅದರ ಪ್ರಕಾರ ಕುಷ್ಟಗಿಯವನು 2,070 ಕೊಡಬೇಕಿತ್ತು. ಅವನು ಒಂದು ಮಾತೂ ಆಡಲಿಲ್ಲ, ಕೊಡಲೂ ಇಲ್ಲ. ನಾಲ್ಕು ದಿನ ಬಿಟ್ಟು ಗಂಗಾವತಿಯವನು "ಗಾಡಿ ರೊಕ್ಕ ಯಾವಾಗ ಕೊಡ್ತಿ?" ಅಂತ ಎಲ್ಲರ ಮುಂದೆ ಕೇಳಿದ. ಆಗ ಅವನಂದ: "ಕೊಡ್ತೀನಪಾ. ಆದ್ರ ನಾ ಅಕ್ಕನ ಮನ್ಯಾಗ ಮಲಗಿದ್ದಕ್ಕ ಲಾಡ್ಜಿನ ರೊಕ್ಕ ಯಾಕ ಕೊಡ್ಲಿ ಅದನ್ನಷ್ಟ ಹೇಳ್ರಿ." ನನ್ನ ಮುಖ ಸಣ್ಣದಾಯ್ತು.

ತಿದ್ದಬೇಕಾಗಿದ್ದು ಭಾಗಾಕಾರವನ್ನ, ಖಾಲಿ ಕೋಶವನ್ನಲ್ಲ. 1,800 ಭಾಗಿಸು 3, ತಲಾ 600. ನಾನು ಮಾಡಿದ್ದರಿಂದ ಅವನಿಗೆ 450 ಹೆಚ್ಚು ಬಿದ್ದು, ಮಲಗಿದ ನಮಗೆ ತಲಾ 150 ಕಡಿಮೆ ಆಗಿತ್ತು. ಅಲ್ಲೂ ಸೊನ್ನೆ, ಇಲ್ಲೂ ಸೊನ್ನೆ. ಸೊನ್ನೆ ಬರದಿದ್ದರೆ ತಪ್ಪು ಇದೆ ಅನ್ನೋದು ಖಾತ್ರಿ, ಆದರೆ ಸೊನ್ನೆ ಬಂದರೆ ಕೂಡು-ಕಳೆ ಮುಚ್ಚಿದೆ ಅಂತ ಮಾತ್ರ ಗೊತ್ತಾಗುತ್ತೆ. ಯಾರು ಮಲಗಿದರು, ಯಾರು ಉಂಡರು ಅನ್ನೋದು ಸೂತ್ರಕ್ಕೆ ತಿಳಿಯೋದಿಲ್ಲ.

ಸರಿಪಡಿಸಿದ ಮೇಲಿನ ಲೆಕ್ಕ ಹೀಗಿದೆ. ಗಂಗಾವತಿ ಕೊಟ್ಟದ್ದು 4,800, ಪಾಲು 2,860, ಬರಬೇಕು 1,940. ಕೊಪ್ಪಳ ಕೊಟ್ಟದ್ದು 3,960, ಪಾಲು 3,220, ಬರಬೇಕು 740. ಕುಷ್ಟಗಿ ಕೊಟ್ಟದ್ದು 1,240, ಪಾಲು 2,860, ಕೊಡಬೇಕು 1,620. ಯಲಬುರ್ಗಾ ಕೊಟ್ಟದ್ದು 1,800, ಪಾಲು 2,860, ಕೊಡಬೇಕು 1,060. ಬರಬೇಕಾದ್ದು 2,680, ಕೊಡಬೇಕಾದ್ದೂ 2,680.

ಇನ್ನು ಮಧ್ಯದಲ್ಲಿ ಕೈ ಬದಲಾದ ರೊಕ್ಕ. ವಾಪಸ್ ಬರುವಾಗ ಗಾಡಿ ಬಾಡಿಗೆ ಲೆಕ್ಕದಲ್ಲಿ ಇರಲಿ ಅಂತ ಕುಷ್ಟಗಿಯವನು ಗಂಗಾವತಿಯವನಿಗೆ 500 ಫೋನಿನಲ್ಲಿ ಹಾಕಿದ್ದ. ಇದು ಖರ್ಚಲ್ಲ, ಬಾಕಿ ತೀರಿಸಿದ್ದು. ಶೀಟಿನಲ್ಲಿ ಇದಕ್ಕೂ ಒಂದು ಸಾಲು ಬೇಕು: ಕೊಟ್ಟವರು ಕುಷ್ಟಗಿ, ಮೊತ್ತ 500, ಪಾಲಿನ ಕಡೆ ಗಂಗಾವತಿ ಕಾಲಂನಲ್ಲಿ ಮಾತ್ರ 500. ಉಳಿದ ಮೂರು ಖಾಲಿ. ಆಗ ಕುಷ್ಟಗಿಯ ಬಾಕಿ 1,620ರಿಂದ 1,120ಕ್ಕೆ, ಗಂಗಾವತಿಗೆ ಬರಬೇಕಾದ್ದು 1,940ರಿಂದ 1,440ಕ್ಕೆ ಇಳಿಯುತ್ತೆ. ಅಭ್ಯಾಸಬಲದಿಂದ ಈ ಸಾಲಿಗೂ ನಾಲ್ಕರಿಂದ ಭಾಗಿಸಿದರೆ 500 ರೂಪಾಯಿ ಖರ್ಚೇ ಆಗಿಬಿಡುತ್ತೆ, ಎಲ್ಲರ ತಲೆಗೂ 125 ಬೀಳುತ್ತೆ. ಸೊನ್ನೆ ಮಾತ್ರ ಕದಲೋದಿಲ್ಲ. ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆಯುವವರು ಒಬ್ಬನ ಲೆಕ್ಕದಲ್ಲಿ ಮಾತ್ರ 500 ಹಾಕಿ ಇನ್ನೊಬ್ಬನದ್ದು ಮರೆತರೆ ವ್ಯತ್ಯಾಸ 500. ಒಂದು ಕಡೆ ಕಳೆಯುವ ಬದಲು ಕೂಡಿಸಿದರೆ ವ್ಯತ್ಯಾಸ 1,000. ಹಾಗಾಗಿ ವ್ಯತ್ಯಾಸದ ಅರ್ಧದಷ್ಟು ಮೊತ್ತ ಎಲ್ಲಾದರೂ ಇದೆಯಾ ಅಂತಲೂ ಹುಡುಕಿ.

ನಮ್ಮ ಕಡೆಯವರಿಗೆ ಇನ್ನೊಂದು ತಾಪತ್ರಯ ಇದೆ, ಅದು ಊರಿನ ಹೆಸರಿನದ್ದು. ಒಬ್ಬ "ಯಲಬುರ್ಗಾ" ಅಂತ ಬರೀತಾನೆ, ಇನ್ನೊಬ್ಬ "ಯಲಬುರ್ಗ" ಅಂತ. ನಮಗೆ ಎರಡೂ ಒಂದೇ, SUMIF ಗೆ ಬೇರೆ ಬೇರೆ. ಲಾಡ್ಜ್ ಸಾಲಿನಲ್ಲಿ ಕಾಗುಣಿತ ತಪ್ಪಿದರೆ ಅವನು ಕೊಟ್ಟ 1,800 ಎಣಿಕೆಗೇ ಬರೋದಿಲ್ಲ, H33 ಯಲ್ಲಿ -1800 ಕಾಣುತ್ತೆ. ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಬಿದ್ದರೂ ಇದೇ ಕಥೆ, ಅದು ಕಣ್ಣಿಗೆ ಕಾಣೋದೂ ಇಲ್ಲ. ಆಗ H ಕಾಲಂನ ಸಾಲುಗಳೆಲ್ಲ ಸೊನ್ನೆ ಇದ್ದು H33 ಮಾತ್ರ ಕೆಟ್ಟಿರುತ್ತೆ. ಆ ಗುರುತು ಕಂಡರೆ ನೇರ B ಕಾಲಂಗೆ ಹೋಗಿ. B ಯಲ್ಲಿ ಟೈಪ್ ಮಾಡುವ ಬದಲು ಡ್ರಾಪ್‌ಡೌನ್ ಪಟ್ಟಿ ಇಟ್ಟರೆ ಈ ಕಾಟವೇ ಇಲ್ಲ.

ಪೈಸೆ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 100 ರೂಪಾಯಿಯನ್ನು ಮೂವರಿಗೆ ಹಂಚಿ 33 ಅಂತ ಕೈಯಿಂದ ಬರೆದರೆ 1 ರೂಪಾಯಿ ಉಳಿಯುತ್ತೆ. ಅದನ್ನ ಕೊಟ್ಟವನ ಪಾಲಿಗೇ ಸೇರಿಸಿ 34 ಮಾಡಿ, ಮುಗೀತು.

ಹೆಚ್ಚು ಹೊತ್ತು ಕೊಡಬೇಕಾದ್ದು ಸೊನ್ನೆ ಹಿಡಿಯದ ತಪ್ಪುಗಳಿಗೆ. ಊಟದ 1,240 ಅನ್ನೋದನ್ನ 1,420 ಅಂತ ಬರೆದರೆ ಪಾಲುಗಳೂ ಅದೇ ಲೆಕ್ಕದಲ್ಲಿ ಏರುತ್ತವೆ, ಸೊನ್ನೆ ಹಾಗೇ ಇರುತ್ತೆ. ಒಂದು ಬಿಲ್ ಎರಡು ಸಲ ಬರೆದರೂ, ಒಂದು ಬಿಲ್ ಬರೆಯದೇ ಬಿಟ್ಟರೂ ಸೊನ್ನೆಯೇ. ಫಾಸ್ಟ್ಯಾಗ್‌ಗೆ ರೀಚಾರ್ಜ್ ಮಾಡಿದ 500 ಒಂದು ಸಾಲು, ಅದೇ ಟ್ಯಾಗಿನಿಂದ ಕಡಿತವಾದ ಟೋಲ್ ಇನ್ನೊಂದು ಸಾಲು ಬರೆದ ಶೀಟನ್ನೂ ನಾನು ನೋಡಿದ್ದೀನಿ. ಖರ್ಚು ಅಂದರೆ ಕಡಿತವಾದ ಟೋಲ್ ಮಾತ್ರ. ರೀಚಾರ್ಜಿನಲ್ಲಿ ಉಳಿದದ್ದು ಗಾಡಿಯವನ ಟ್ಯಾಗಿನಲ್ಲೇ ಇದೆಯಲ್ಲ.

ಇದಕ್ಕೆ ಒಂದೇ ದಾರಿ. ಶೀಟ್ ಬರೆದವನೊಬ್ಬನೇ ನೋಡಿದರೆ ಸಾಲದು, ಪ್ರತಿಯೊಬ್ಬನೂ ತನ್ನ ಫೋನಿನ ಪಾವತಿ ಇತಿಹಾಸದಲ್ಲಿ ಆ ಎರಡು ದಿನ ತೆಗೆದು, ತಾನು ಕೊಟ್ಟದ್ದೆಲ್ಲ B ಯಲ್ಲಿ ತನ್ನ ಹೆಸರಿಗೆ ಒಂದೊಂದೇ ಸಲ ಇದೆಯಾ ಅಂತ ಹೊಂದಿಸಬೇಕು. ಆಮೇಲೆ ತನ್ನ ಕಾಲಂ ಮೇಲಿಂದ ಕೆಳಗೆ ಓದಬೇಕು, ಅಂಕಿ ಇರುವ ಪ್ರತಿ ಸಾಲಿನಲ್ಲೂ ನಾನಿದ್ದೆನಾ ಅಂತ ಕೇಳಿಕೊಂಡು. ಕುಷ್ಟಗಿಯ ಗೆಳೆಯನಿಗೆ ಮೊದಲ ದಿನವೇ ಇಷ್ಟು ಮಾಡು ಅಂದಿದ್ದರೆ ನಾಲ್ಕು ದಿನದ ಮೌನ ಇರ್ತಿರಲಿಲ್ಲ. ನಗದು ಕೊಟ್ಟದ್ದು ಫೋನಿನಲ್ಲಿ ಸಿಗೋದಿಲ್ಲ, ಅದಕ್ಕೆ ಅಲ್ಲೇ ಗ್ರೂಪಿಗೆ ಒಂದು ಮೆಸೇಜ್ ಹಾಕುವ ರೂಢಿ ಇಟ್ಟುಕೊಳ್ಳಿ.

ಕೊನೆಗೆ ಯಾರು ಯಾರಿಗೆ ಕೊಡಬೇಕು ಅನ್ನೋದು. ನಾಲ್ಕು ಜನರ ಲೆಕ್ಕ ತೀರಲು ಮೂರಕ್ಕಿಂತ ಹೆಚ್ಚು ಪಾವತಿ ಬೇಕಾಗಿಲ್ಲ. ಹೆಚ್ಚು ಕೊಡಬೇಕಾದವನು ಹೆಚ್ಚು ಬರಬೇಕಾದವನಿಗೆ ಮೊದಲು ಕೊಡಲಿ. ನಮ್ಮಲ್ಲಿ ಕುಷ್ಟಗಿ ಗಂಗಾವತಿಗೆ 1,120 ಕೊಟ್ಟ. ಗಂಗಾವತಿಗೆ ಇನ್ನೂ 320 ಉಳಿಯಿತು, ಅದನ್ನ ಯಲಬುರ್ಗಾದವನು ಕೊಟ್ಟ. ಅವನ ಬಳಿ ಉಳಿದ 740 ನನಗೆ ಬಂತು. ಈ ಮೂರನ್ನೂ 500ರ ಸಾಲಿನಂತೆಯೇ ಶೀಟಿನಲ್ಲಿ ಬರೆಯಬೇಕು. ಬರೆದ ಮೇಲೆ H33 ಸೊನ್ನೆ ಇದ್ದರೆ ಸಾಲದು, D33 ಯಿಂದ G33 ವರೆಗೆ ನಾಲ್ಕೂ ಕೋಶ ಒಂದೊಂದಾಗಿ ಸೊನ್ನೆಗೆ ಬರಬೇಕು. ಬಂದ ಮೇಲೆ ಶೀಟಿನ ಹಂಚಿಕೆಯನ್ನು ನೋಡಲು ಮಾತ್ರ ಅಂತ ಬದಲಿಸಿಬಿಡಿ, ಜೇಬಿನಲ್ಲಿದ್ದ ಫೋನಿನಿಂದ ಯಾರದೋ ಬೆರಳು ತಾಗಿ ಅಂಕಿ ಬದಲಾಗೋದು ತಪ್ಪುತ್ತೆ.